ಅರವತ್ತಡಿ ಕೊಳದಲ್ಲಿ ಒಂದು ಕಿಲೋಮೀಟರು

ಈಜುವವರು ದೂರವನ್ನು ಮೀಟರಿನಲ್ಲಿ ಹೇಳುತ್ತಾರೆ. ಕೊಳ ಕಟ್ಟುವ ಮೇಸ್ತ್ರಿ ಅಡಿಯಲ್ಲಿ ಅಳೆಯುತ್ತಾನೆ. ಬಳ್ಳಾರಿಯ ಹೋಟೆಲು, ಬಡಾವಣೆಗಳ ಸಣ್ಣ ಕೊಳಗಳಲ್ಲಿ ಈಜುವವರ ಲೆಕ್ಕ ತಪ್ಪುವುದು ಇಲ್ಲೇ. ಸ್ಪರ್ಧೆಯ ಕೊಳ 50 ಮೀಟರು ಇಲ್ಲವೇ 25 ಮೀಟರು ಇರುತ್ತದೆ. ಒಂದು ಕಿಲೋಮೀಟರಿಗೆ ಅಲ್ಲಿ 20 ಲೆಂತ್, ಇಲ್ಲಿ 40, ಯೋಚಿಸಬೇಕಾದದ್ದೇನೂ ಇಲ್ಲ. ಹೋಟೆಲಿನ ಕೊಳ ಜಾಗ ಇದ್ದಷ್ಟು ಉದ್ದ ಇರುತ್ತದೆ.

ಅರವತ್ತಡಿಯ ಕೊಳವನ್ನೇ ತೆಗೆದುಕೊಳ್ಳೋಣ. ಕಾವಲಿನವರನ್ನು ಕೇಳಿದರೆ ‘ಇಪ್ಪತ್ತು ಮೀಟರು ಸಾರ್’ ಎನ್ನುತ್ತಾರೆ. ನಂಬಿ 50 ಲೆಂತ್ ಹೊಡೆದರೆ ಆಗುವುದು 914 ಮೀಟರು ಮಾತ್ರ. ಅರವತ್ತಡಿ ಎಂದರೆ 18.288 ಮೀಟರು. ಸಾವಿರವನ್ನು ಅದರಿಂದ ಭಾಗಿಸಿದರೆ 54.68 ಬರುತ್ತದೆ. ಅರ್ಧ ಲೆಂತ್ ಈಜಿ ನಡುನೀರಿನಲ್ಲಿ ನಿಲ್ಲುವಂತಿಲ್ಲವಾದ್ದರಿಂದ ಮೇಲಿನ ಪೂರ್ಣ ಸಂಖ್ಯೆಗೇ ಹೋಗಬೇಕು: 55. ಒಟ್ಟು 1005.84 ಮೀಟರು. 55 ಬೆಸ ಸಂಖ್ಯೆ, ಆದ್ದರಿಂದ ಮುಗಿಯುವುದು ಆಚೆ ದಡದಲ್ಲಿ. ಹೊರಟ ಕಡೆಗೇ ಬಂದು ನಿಲ್ಲಬೇಕೆನ್ನುವವರು 56 ಈಜಲಿ.

ಅಳತೆಯನ್ನು ಮಾತಿನ ಮೇಲೆ ಬಿಡದೆ ನಾವೇ ತೆಗೆಯಬೇಕು. ಸ್ಟೀಲ್ ಟೇಪನ್ನು ನೀರಿನ ಮಟ್ಟದಲ್ಲಿ, ಗೋಡೆಯಿಂದ ಗೋಡೆಗೆ, ನಾವು ಈಜುವ ಸಾಲಿನಲ್ಲೇ ಎಳೆಯಬೇಕು. ದಡದ ಅಂಚಿನ ಕಲ್ಲು ಒಳಕ್ಕೆ ಚಾಚಿಕೊಂಡಿರುವುದುಂಟು. ಆ ಕಲ್ಲಿನಿಂದ ಈ ಕಲ್ಲಿಗೆ ಅಳೆದರೆ ಕೊಳ ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ. ಇನ್ನೊಂದು ಕಡೆ, ನಕ್ಷೆಯಲ್ಲಿ ಅರವತ್ತಡಿ ಇದ್ದದ್ದನ್ನು ಗಿಲಾವು, ಟೈಲ್ಸ್ ಸೇರಿ ಎರಡೂ ಬದಿ ಐದೈದು ಸೆಂಟಿಮೀಟರ್ ತಿಂದಿರುತ್ತವೆ. ಹತ್ತು ಸೆಂಟಿಮೀಟರ್ ಏನು ಮಹಾ ಎನಿಸಬಹುದು. ಆ ಕೊರತೆ ಪ್ರತಿ ಲೆಂತ್‌ಗೂ ಸೇರುತ್ತ ಹೋಗಿ, 55ಕ್ಕೆ ಐದೂವರೆ ಮೀಟರ್ ಆಗುತ್ತದೆ. ನಮ್ಮ ಉದಾಹರಣೆಯಲ್ಲಿ ಅಷ್ಟಾದರೂ ಕಿಲೋಮೀಟರು ಕೂದಲೆಳೆಯಲ್ಲಿ ಉಳಿಯುತ್ತದೆ. ಇನ್ನೆರಡು ಸೆಂಟಿಮೀಟರ್ ತಗ್ಗಿದರೆ 55 ಸಾಲದು.

ಕೈಗಡಿಯಾರ ಎಣಿಸುತ್ತದಲ್ಲ ಎನ್ನುವವರಿದ್ದಾರೆ. ಕೊಳದ ಈಜಿನ ಎಣಿಕೆಯಲ್ಲಿ ಅದು ದೂರವನ್ನು ಅಳೆಯುವುದಿಲ್ಲ. ನಾವು ತಿರುಗಿದ್ದನ್ನು ಗುರುತಿಸಿ, ನಾವು ಕೊಟ್ಟ ಕೊಳದ ಉದ್ದದಿಂದ ಗುಣಿಸುತ್ತದೆ. 25 ಮೀಟರ್ ಎಂದಿಟ್ಟು ಅರವತ್ತಡಿ ಕೊಳಕ್ಕಿಳಿದರೆ, ಗಡಿಯಾರ ಸಾವಿರ ತೋರಿಸುವಾಗ ಈಜಿರುವುದು 40 ಲೆಂತ್, ಅಂದರೆ ಸುಮಾರು 732 ಮೀಟರು.

ಐವತ್ತೈದನ್ನು ತಲೆಯಲ್ಲಿ ಎಣಿಸುವಾಗ ಜೋಡಿಯಾಗಿ ಎಣಿಸುವುದು ನನಗೆ ಒಳ್ಳೆಯದೆನಿಸುತ್ತದೆ: ಹೋಗಿ ಬಂದರೆ ಒಂದು. ಇಪ್ಪತ್ತೇಳು ಜೋಡಿ, ಮೇಲೊಂದು. ಹೊರಟ ದಡದಲ್ಲಿ ಯಾವಾಗಲೂ ಸಮ ಸಂಖ್ಯೆಯ ಲೆಂತ್ ಮುಗಿದಿರಬೇಕು. ಅಲ್ಲಿ ಬೆಸ ಬಂದರೆ ಎಣಿಕೆ ಕೆಟ್ಟಿದೆ. ಇಡೀ ಜೋಡಿಯೇ ಮರೆತುಹೋದರೆ ಈ ಪರೀಕ್ಷೆ ಹಿಡಿಯದು, ಗೋಡೆ ಗಡಿಯಾರ ಹಿಡಿಯುತ್ತದೆ. ಒಂದು ಲೆಂತ್‌ಗೆ 28 ಸೆಕೆಂಡ್ ಬೇಕಾಗುವವರಿಗೆ 55ಕ್ಕೆ 25 ನಿಮಿಷ 40 ಸೆಕೆಂಡ್. ಬೇಗ ಈಜಿಲ್ಲದಿದ್ದರೂ ಒಂದು ನಿಮಿಷದಷ್ಟು ಮೊದಲೇ ಮುಗಿದಿದೆ ಎಂದರೆ ಒಂದು ಜೋಡಿಯನ್ನು ಹೆಚ್ಚಾಗಿ ಎಣಿಸಿದ್ದೀರಿ.

ಸಿರುಗುಪ್ಪ, ಕುರುಗೋಡು ಕಡೆ ಬಾವಿಯಲ್ಲಿ ಈಸುಬೀಳುವವರ ಲೆಕ್ಕ ಇನ್ನೂ ಸೊಗಸು. ಹನ್ನೆರಡು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲದ ಬಾವಿ ಎಂದುಕೊಳ್ಳಿ. ಮೂಲೆಯಿಂದ ಮೂಲೆಗೆ ಈಜಿದರೆ 15 ಮೀಟರ್ ಸಿಗುತ್ತದೆ. ಕಿಲೋಮೀಟರಿಗೆ 67 ಸಲ. ಗೋಡೆಯ ಗುಂಟ ಸುತ್ತು ಹಾಕುವವರು ಸುತ್ತಳತೆ 42 ಮೀಟರು, ಹಾಗಾಗಿ 24 ಸುತ್ತು ಸಾಕು ಎಂದುಕೊಳ್ಳುತ್ತಾರೆ. ಆದರೆ ಕೈ ಆಡಿಸಲು ಗೋಡೆಯಿಂದ ಒಂದು ಮೀಟರ್ ದೂರ ಇರಲೇಬೇಕಲ್ಲವೇ? ಆಗ ಹಾದಿ ಉದ್ದದಲ್ಲಿ 10, ಅಗಲದಲ್ಲಿ 7 ಮೀಟರಿಗೆ ಇಳಿದು, ಸುತ್ತು 34 ಮೀಟರ್ ಆಗುತ್ತದೆ. ಬೇಕಾಗುವುದು 30 ಸುತ್ತು. ಮೂಲೆಗಳನ್ನು ದುಂಡಗೆ ತಿರುಗಿದರೆ ಇನ್ನೂ ಹೆಚ್ಚು. ಒಂದು ಬದಿ ಮೆಟ್ಟಿಲು ಇಳಿದು ಬರುವ ಬಾವಿಯಲ್ಲಂತೂ ನೀರಿನ ಮಟ್ಟ ಕುಸಿದಂತೆ ಉದ್ದವೂ ಕುಗ್ಗುತ್ತದೆ. ಅಡಿ ಅಗಲದ ನಾಲ್ಕು ಮೆಟ್ಟಿಲು ಬಯಲಾದರೆ 1.2 ಮೀಟರ್ ಹೋಯಿತು. ಹಾಗಾಗಿ ಮಳೆಗಾಲದಲ್ಲಿ ತೆಗೆದ ಅಳತೆ ಬೇಸಿಗೆಗೆ ಸಲ್ಲದು. ಬಾವಿಗೆ ಒಬ್ಬರೇ ಇಳಿಯಬೇಡಿ. ಎಣಿಸಲು ದಡದ ಮೇಲೊಬ್ಬರಿದ್ದರೆ ಎರಡೂ ಕೆಲಸ ಆಗುತ್ತದೆ.

ಒಂದು ಕಾಲಕ್ಕೆ ಒಲಿಂಪಿಕ್ಸಿನಲ್ಲೂ ಕೊಳದ ಉದ್ದ ಈಗಿನಂತಿರಲಿಲ್ಲ. 1908ರಲ್ಲಿ ಲಂಡನ್ನಿನ ಕ್ರೀಡಾಂಗಣದೊಳಗೆ ಕಟ್ಟಿದ ಕೊಳ 100 ಮೀಟರ್ ಉದ್ದವಿತ್ತು, ಅಲ್ಲಿ 1500 ಮೀಟರಿಗೆ 15 ಲೆಂತ್ ಮಾತ್ರ. ಅದೇ ದೂರ ನಮ್ಮ ಅರವತ್ತಡಿ ಕೊಳದಲ್ಲಿ 83 ಲೆಂತ್.

ಕೊಳ ನಡೆಸುವವರಲ್ಲಿ ಒಂದು ಕೋರಿಕೆ. ಗೋಡೆಯ ಮೇಲೆ ಆಳ ಎಷ್ಟೆಂದು ಬರೆಸುವ ಕಡೆಯೇ ಟೇಪು ಹಿಡಿದು ಅಳೆದ ಉದ್ದವನ್ನೂ ಸೆಂಟಿಮೀಟರ್ ಸಹಿತ ಬರೆಸಿ.