ಹಾಕಬೇಡ, ಹಾಕಬೇಡಿ, ಹಾಕಕೂಡದು

ಶ್ರೀಲಂಕಾದ ಬಸ್ ಸೀಟೊಂದರ ಫೋಟೋ ಬಹಳ ಓಡಾಡಿದೆ. ಗರ್ಭಿಣಿ ‘ತಾಯ್‌ಮಾರ್‌’ಗೆ ಮೀಸಲು ಅಂತಿರಬೇಕಾದ ಕಡೆ ತಮಿಳಿನಲ್ಲಿ ‘ನಾಯ್‌ಮಾರ್’ ಅಂತ ಅಚ್ಚಾಗಿತ್ತು. ಕನ್ನಡದವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇಂಥ ತಪ್ಪನ್ನು ಯಾರಾದರೂ ನಕ್ಕು, ಬೈದು, ತಿದ್ದಿಸ್ತಾರೆ. ನನ್ನ ತಕರಾರು ಕಾಗುಣಿತ ಸರಿಯಿದ್ದೂ ಧಾಟಿ ತಪ್ಪಿದ ಬೋರ್ಡುಗಳ ಮೇಲೆ. ಅವನ್ನು ಯಾರೂ ತಿದ್ದಲ್ಲ.

ಕಸದ ಬೋರ್ಡನ್ನೇ ತಗೊಳ್ಳಿ. ಸಿಂಹಳದಲ್ಲಿ ‘ಕಸಳ ದೆಮೀಮ ತಹನಮ್’. ಕಸ ಹಾಕುವುದು ನಿಷಿದ್ಧ, ಅಷ್ಟೆ. ‘ತಹನಮ್’ ಎಲ್ಲರಿಗೂ ಗೊತ್ತಿರೋ ಪದ; ಗಟ್ಟಿಯಾಗಿದೆ, ಆದರೆ ಯಾರನ್ನೂ ನೀನು ಅನ್ನಲ್ಲ, ನೀವು ಅಂತಲೂ ಅನ್ನಲ್ಲ. ತಮಿಳಿಗೆ ಬಂದಾಗ ಅನುವಾದಕ ಆರಿಸಲೇಬೇಕು. ‘ಕುಪ್ಪೈ ಕೊಟ್ಟಾದೇ’ ಅಂದರೆ ಏಕವಚನ, ಗದರಿಕೆ. ‘ಕೊಟ್ಟಾದೀರ್‌’ನಲ್ಲಿ ಮರ್ಯಾದೆಯಿದೆ, ಪುಸ್ತಕದ ವಾಸನೆಯೂ ಇದೆ. ‘ಕೊಟ್ಟುದಲ್ ತಡೈ ಸೆಯ್ಯಪ್ಪಟ್ಟುಳ್ಳದು’ ಕಚೇರಿಯ ಭಾಷೆ. ಓದಿ ಮುಗಿಸೋಷ್ಟರಲ್ಲಿ ಬೈಕು ದಾಟಿರುತ್ತೆ. ನಾನಾದರೆ ‘ಕೊಟ್ಟಕ್ಕೂಡಾದು’ ಅಂತ ಬರೆಸ್ತೀನಿ. ನಮ್ಮ ‘ಕೂಡದು’ ಇದರ ಒಡಹುಟ್ಟು. ನಿಯಮ ಖಡಕ್ಕಾಗಿದೆ, ಯಾರ ಕಡೆಗೂ ಬೆರಳು ತೋರಿಸಲ್ಲ.

ಇದು ಬರೀ ವ್ಯಾಕರಣದ ಗೀಳಲ್ಲ. 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆಯಾಯಿತು. 1987ರ ಹದಿಮೂರನೇ ತಿದ್ದುಪಡಿಯಲ್ಲಿ ತಮಿಳೂ ಸೇರಿತು. ಇಷ್ಟೆಲ್ಲಾ ಆದ ಮೇಲೆ, ಒಂದೇ ಬೋರ್ಡಿನಲ್ಲಿ ಮೇಲಿನ ಸಾಲು ನಿಯಮ ಹೇಳಿ ಕೆಳಗಿನ ಸಾಲು ಏಕವಚನದಲ್ಲಿ ಗದರಿದರೆ ತಮಿಳು ಓದುಗನಿಗೆ ಅದು ಹೇಗೆ ಕೇಳಿಸುತ್ತೆ?

ಫಾರಂಗಳಲ್ಲಿ ಈ ಕಷ್ಟ ಕಡಿಮೆ. ಸಿಂಹಳದ ‘ಸಂಪೂರ್ಣ ಕರನ್ನ’ಕ್ಕೆ ತಮಿಳಿನ ‘ಪೂರ್ತಿ ಸೆಯ್ಯವುಮ್’ ಸರಿಯಾಗಿ ಕೂರುತ್ತೆ. ಆ ‘ವುಮ್’ ನಮ್ಮ ‘ತಕ್ಕದ್ದು’ವಿನಷ್ಟು ಬಿಗಿಯಲ್ಲ, ‘ಮಾಡಿ’ಯಷ್ಟು ಸಲಿಗೆಯದೂ ಅಲ್ಲ.

ಫಾರಂ ಎಡವೋದು ಪದಗಳಲ್ಲಿ. ಚೆನ್ನೈ ನಿಘಂಟು ಹಿಡಿದವರು ಆಸ್ಪತ್ರೆಗೆ ‘ಮರುತ್ತುವಮನೈ’, ಠಾಣೆಗೆ ‘ಕಾವಲ್ ನಿಲೈಯಮ್’ ಬರೀತಾರೆ. ಲಂಕೆಯಲ್ಲಿ ರೂಢಿ ‘ವೈತ್ತಿಯಸಾಲೈ’, ‘ಪೊಲಿಸ್ ನಿಲೈಯಮ್’. ಶುದ್ಧ ತಮಿಳು ಅನ್ನೋ ಹೆಮ್ಮೆ ಅಲ್ಲಿನವರಿಗೆ ಹೊರಗಿನ ಮಾತು. ಹಾಗಂತ ಪೂರಾ ಆಡುಮಾತಿಗೂ ಇಳಿಯೋಕಾಗಲ್ಲ. ಗ್ರಾಮ ನಿಲಧಾರಿಗೆ ಜಾಫ್ನಾದಲ್ಲಿ ‘ವಿದಾನೈಯಾರ್’ ಅಂತಾರೆ. ಅದನ್ನು ಫಾರಂಗೆ ಹಾಕಿದರೆ ನುವಾರ ಎಲಿಯದ ಟೀ ತೋಟದವರಿಗೂ ಪೂರ್ವ ತೀರದ ತಮಿಳು ಮಾತಾಡೋ ಮುಸ್ಲಿಮರಿಗೂ ಯಾರನ್ನು ಹುಡುಕಬೇಕು ಅಂತ ತಿಳಿಯದೆ ಹೋಗಬಹುದು. ಅಲ್ಲಿ ‘ಗ್ರಾಮ ಉತ್ತಿಯೋಗತ್ತರ್’ ಎಂಬ ಒಣ ಪದವೇ ಲೇಸು.

ಪರೀಕ್ಷೆ ಸುಲಭ. ಅಚ್ಚಿಗೆ ಮುಂಚೆ ಕೌಂಟರಿನಲ್ಲಿ ಕೂರುವ ತಮಿಳು ಗುಮಾಸ್ತೆಯಿಂದ ಸಾಲನ್ನು ಜೋರಾಗಿ ಓದಿಸಿ, ‘ಎದುರಿಗೆ ನಿಂತ ಅಜ್ಜಿಗೆ ಹೀಗೇ ಹೇಳ್ತೀರಾ?’ ಅಂತ ಕೇಳಿ. ‘ಕೊಟ್ಟಾದೇ’ ಅನ್ನೋ ಹೊತ್ತಿಗೆ ಅವರೇ ತಡವರಿಸ್ತಾರೆ.