53ರಲ್ಲಿ 27 ಕಳೆದರೆ 34

ಮೂರನೇ ತರಗತಿಯ ಮಗುವೊಂದು 53ರಲ್ಲಿ 27 ಕಳೆದು 34 ಎಂದು ಬರೆದರೆ, ಅದು ಯೋಚಿಸದೆ ಬರೆದ ಉತ್ತರ ಎಂದು ಹೇಳುವಂತಿಲ್ಲ. ಬಿಡಿ ಸ್ಥಾನದಲ್ಲಿ ಮೇಲೆ 3, ಕೆಳಗೆ 7 ಇದೆ. ಸಣ್ಣದರಲ್ಲಿ ದೊಡ್ಡದನ್ನು ಕಳೆಯಲಾಗದು ಎಂದು ಮಗುವಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಹಾಗಾಗಿ ಅದು 7ರಲ್ಲಿ 3 ಕಳೆದು 4 ಬರೆಯಿತು, ಹತ್ತರ ಸ್ಥಾನದಲ್ಲಿ 5ರಲ್ಲಿ 2 ಕಳೆದು 3 ಬರೆಯಿತು. ಇಲ್ಲಿ ಒಂದು ನಿಯಮವಿದೆ, ಮಗು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಪಕ್ಕದಲ್ಲಿ ಕುಳಿತ ಇನ್ನೊಂದು ಮಗು ಇದೇ ಲೆಕ್ಕಕ್ಕೆ 36 ಎಂದು ಬರೆದಿರಬಹುದು. ಅದಕ್ಕೆ ದಶಕ ತೆಗೆದುಕೊಳ್ಳುವುದು ಗೊತ್ತು. 3ನ್ನು 13 ಮಾಡಿ 7 ಕಳೆದು 6 ಬರೆದಿದೆ, ಆದರೆ ಪಕ್ಕದ 5ನ್ನು 4 ಮಾಡಲು ಮರೆತಿದೆ. ಈಗ ಬರುತ್ತಿರುವ ಬಹುತೇಕ ಗಣಿತದ ಆಟಗಳಲ್ಲಿ ಈ ಇಬ್ಬರಿಗೂ ಸಿಗುವುದು ಒಂದೇ: ಕೆಂಪು ಗುರುತು, ಒಂದು ಕರ್ಕಶ ಸದ್ದು, ಒಂದು ಜೀವ ಕಡಿಮೆ. ಇಬ್ಬರ ತೊಂದರೆಯೂ ಬೇರೆ ಬೇರೆ, ಬೇಕಾದ ಪಾಠವೂ ಬೇರೆ ಬೇರೆ. ತಪ್ಪು ಉತ್ತರವೇ ಕಲಿಸುವಂಥ ಆಟವನ್ನು ಕಟ್ಟುವವರು ಚಿತ್ರ, ಸಂಗೀತ, ನಕ್ಷತ್ರಗಳ ಕಡೆ ಹೋಗುವ ಮೊದಲು ಈ 34 ಮತ್ತು 36ರ ವ್ಯತ್ಯಾಸದಿಂದ ಶುರುಮಾಡಬೇಕು ಎನ್ನುವುದು ನನ್ನ ವಾದ.

ಕಳೆಯುವ ಲೆಕ್ಕದ ತಪ್ಪುಗಳಿಗೆ ಹೀಗೆ ಒಳಗೊಂದು ನಿಯಮವಿರುತ್ತದೆ ಎಂಬುದನ್ನು ವಿವರವಾಗಿ ತೋರಿಸಿದವರು ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್. 1978ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ನಿಕರಾಗುವ ದೇಶದ ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳ ಉತ್ತರಗಳ ವಿಶ್ಲೇಷಣೆಯಿದೆ. ಅವರು ಕಟ್ಟಿದ ‘ಬಗ್ಗಿ’ ಎಂಬ ಕಂಪ್ಯೂಟರ್ ಆಟವನ್ನು ಶಿಕ್ಷಕರಾಗಲು ತರಬೇತಿ ಪಡೆಯುತ್ತಿದ್ದವರೂ ಆಡಿದರು. ಕಂಪ್ಯೂಟರು ಒಂದು ತಪ್ಪು ನಿಯಮವನ್ನು ಹಿಡಿದ ಮಗುವಿನಂತೆ ಉತ್ತರಿಸುತ್ತದೆ. ಆಡುವವರು ತಾವೇ ಲೆಕ್ಕಗಳನ್ನು ಕೊಟ್ಟು ಆ ನಿಯಮ ಯಾವುದೆಂದು ಕಂಡುಹಿಡಿಯಬೇಕು. ಇದರಿಂದ ಆಟದ ವಿನ್ಯಾಸಕರು ಕಲಿಯಬೇಕಾದ ಮುಖ್ಯ ಸಂಗತಿಯೊಂದಿದೆ: ಎಲ್ಲ ಲೆಕ್ಕಗಳೂ ಮಗುವಿನ ಮನಸ್ಸಿನ ನಿಯಮವನ್ನು ಹೊರಗೆ ತೋರಿಸುವುದಿಲ್ಲ. 58ರಲ್ಲಿ 23 ಕಳೆಯಿರಿ ಎಂದರೆ, ಯಾವಾಗಲೂ ದೊಡ್ಡದರಲ್ಲಿ ಸಣ್ಣದನ್ನು ಕಳೆಯುವ ಮಗುವಿಗೂ 35 ಎಂಬ ಸರಿಯುತ್ತರವೇ ಬರುತ್ತದೆ. ಆಟ ಅದಕ್ಕೆ ನಕ್ಷತ್ರ ಕೊಡುತ್ತದೆ, ತಪ್ಪು ನಿಯಮ ಇನ್ನಷ್ಟು ಗಟ್ಟಿಯಾಗುತ್ತದೆ.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. 53 ಮತ್ತು 27ರ ಬದಲು 52ರಲ್ಲಿ 27 ಕಳೆಯಿರಿ ಎಂದು ಕೇಳಿ ನೋಡಿ. ತಿರುಗಿಸಿ ಕಳೆಯುವ ಮಗು 7ರಲ್ಲಿ 2 ಕಳೆದು 5 ಬರೆಯುತ್ತದೆ, ಉತ್ತರ 35. ಹತ್ತನ್ನು ಇಳಿಸಲು ಮರೆಯುವ ಮಗು 12ರಲ್ಲಿ 7 ಕಳೆದು 5 ಬರೆಯುತ್ತದೆ, ಅದರ ಉತ್ತರವೂ 35. ಎರಡು ಬೇರೆ ಕಾರಣಗಳು, ಒಂದೇ ಉತ್ತರ. ಈ ಲೆಕ್ಕದಿಂದ ಆಟಕ್ಕೆ ಮಗು ಯಾವುದೆಂದು ತಿಳಿಯುವುದೇ ಇಲ್ಲ. ಬಿಡಿ ಸ್ಥಾನದ ಎರಡು ಅಂಕಿಗಳ ನಡುವಿನ ಅಂತರ 5 ಇದ್ದಾಗಲೆಲ್ಲ ಹೀಗಾಗುತ್ತದೆ. ದಶಕ ತೆಗೆದುಕೊಳ್ಳಬೇಕಾದ ಲೆಕ್ಕಗಳಲ್ಲಿ ಬಿಡಿ ಸ್ಥಾನಕ್ಕೆ 45 ಜೋಡಿಗಳು ಸಾಧ್ಯ, ಅವುಗಳಲ್ಲಿ 5 ಇಂಥವು. ಸಂಖ್ಯೆಗಳನ್ನು ಯಾದೃಚ್ಛಿಕವಾಗಿ ಆರಿಸುವ ಆಟ ಒಂಬತ್ತರಲ್ಲಿ ಒಂದು ಸಲ ಹೀಗೆ ಕುರುಡಾಗುತ್ತದೆ. ಆದ್ದರಿಂದ ಲೆಕ್ಕಗಳನ್ನು ಯಂತ್ರದ ಅದೃಷ್ಟಕ್ಕೆ ಬಿಡದೆ, ಪ್ರತಿಯೊಂದರ ಎದುರು ಸರಿಯುತ್ತರವನ್ನೂ ಗೊತ್ತಿರುವ ತಪ್ಪು ನಿಯಮಗಳು ಕೊಡುವ ಉತ್ತರಗಳನ್ನೂ ಬರೆದಿಟ್ಟು, ಯಾವ ಎರಡೂ ಒಂದೇ ಆಗದಂತೆ ಆರಿಸಬೇಕು. 53ರಲ್ಲಿ 27 ಕಳೆಯಲು ಕೊಟ್ಟರೆ 26, 34, 36. 71ರಲ್ಲಿ 38 ಕಳೆಯಲು ಕೊಟ್ಟರೆ 33, 47, 43. 62ರಲ್ಲಿ 34 ಕಳೆಯಲು ಕೊಟ್ಟರೆ 28, 32, 38. ಇದು ಒಂದು ದಿನದ ಕೆಲಸ, ಆದರೆ ಆಟದ ಬುದ್ಧಿಯೆಲ್ಲ ಇರುವುದು ಈ ಪಟ್ಟಿಯಲ್ಲೇ.

ತಪ್ಪನ್ನು ಗುರುತಿಸಿದ ಮಾತ್ರಕ್ಕೆ ಮಗು ಕಲಿತಂತಾಗಲಿಲ್ಲ. ‘ನೀನು ಹತ್ತನ್ನು ಇಳಿಸಲು ಮರೆತೆ’ ಎಂದು ಪರದೆಯ ಮೇಲೆ ಬರೆದರೆ, ನಿಧಾನವಾಗಿ ಓದುವ ಮಗು ಅದನ್ನು ದಾಟಿಕೊಂಡು ಮುಂದಿನ ಗುಂಡಿ ಒತ್ತುತ್ತದೆ. ಇದಕ್ಕಿಂತ ಉತ್ತಮ ದಾರಿಯನ್ನು 1970ರ ದಶಕದಲ್ಲೇ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಕಂಪ್ಯೂಟರ್ ವ್ಯವಸ್ಥೆಗೆಂದು ಶರನ್ ಡಗ್‌ಡೇಲ್ ಮತ್ತು ಡೇವಿಡ್ ಕಿಬ್ಬಿ ಮಾಡಿದ ‘ಡಾರ್ಟ್ಸ್’ ಆಟ ತೋರಿಸಿಕೊಟ್ಟಿತ್ತು. ಸಂಖ್ಯಾರೇಖೆಯ ಮೇಲೆ ಬಲೂನುಗಳು ಅಂಟಿಕೊಂಡಿರುತ್ತವೆ. ಅವು ಎಲ್ಲಿವೆ ಎಂದು ಮಗು ಭಿನ್ನರಾಶಿಯಲ್ಲಿ ಬರೆದರೆ ಬಾಣ ಹಾರಿ ಆ ಜಾಗಕ್ಕೇ ಹೋಗಿ ನಾಟಿಕೊಳ್ಳುತ್ತದೆ. ಉತ್ತರ ತಪ್ಪಾಗಿದ್ದರೂ ಆಟ ಅದನ್ನು ತಳ್ಳಿಹಾಕುವುದಿಲ್ಲ, ನಡೆಸಿಕೊಡುತ್ತದೆ. ಬಾಣ ಬಲೂನಿಗಿಂತ ಮೇಲೆ ಹೋಯಿತೇ, ಕೆಳಗೆ ಹೋಯಿತೇ, ಎಷ್ಟು ದೂರ ಎಂಬುದೆಲ್ಲ ಕಣ್ಣೆದುರೇ ಇರುವುದರಿಂದ ಮುಂದಿನ ಊಹೆ ಮೊದಲಿನದಕ್ಕಿಂತ ಹತ್ತಿರವಾಗುತ್ತದೆ. ಇಷ್ಟು ವರ್ಷಗಳ ನಂತರವೂ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

ಇದನ್ನೇ ಕಳೆಯುವ ಲೆಕ್ಕಕ್ಕೆ ತರೋಣ. ಪರದೆಯ ಮೇಲೊಂದು ಅಂಗಡಿ. ಕಪಾಟಿನಲ್ಲಿ ಹತ್ತರ ಐದು ಪೆನ್ಸಿಲ್ ಡಬ್ಬಿಗಳು, ಒಂದು ತಟ್ಟೆಯಲ್ಲಿ ಮೂರು ಬಿಡಿ ಪೆನ್ಸಿಲುಗಳು. ಗಿರಾಕಿಯ ಚೀಟಿಯಲ್ಲಿ 27 ಎಂದಿದೆ. ಕೊಟ್ಟ ಮೇಲೆ ಅಂಗಡಿಯಲ್ಲಿ ಎಷ್ಟು ಉಳಿಯುತ್ತವೆ ಎಂದು ಮಗು ಬರೆಯಬೇಕು. ಮಗು ಎಷ್ಟು ಬರೆಯುತ್ತದೋ ಅಷ್ಟನ್ನು ಆಟ ಕಪಾಟಿನಲ್ಲಿ ಉಳಿಸಿ, ಮಿಕ್ಕದ್ದನ್ನು ಗಿರಾಕಿಗೆ ಕೊಡುತ್ತದೆ. 36 ಎಂದು ಬರೆದರೆ ಗಿರಾಕಿಯ ಕೈಗೆ ಬರುವುದು 17, ಅಂದರೆ ಒಂದು ಡಬ್ಬಿ ಮತ್ತು ಏಳು ಬಿಡಿ. ಚೀಟಿಯಲ್ಲಿರುವುದು ಎರಡು ಡಬ್ಬಿ, ಏಳು ಬಿಡಿ. ಕಡಿಮೆಯಾಗಿರುವುದು ಸರಿಯಾಗಿ ಒಂದು ಡಬ್ಬಿ. ಮಗು ಒಡೆದ ಡಬ್ಬಿಯನ್ನು ಒಡೆಯದ ಡಬ್ಬಿಯೆಂದೂ ಎಣಿಸಿತ್ತು, ಆ ತಪ್ಪೇ ಈಗ ಗಿರಾಕಿಯ ಕೈಯಲ್ಲಿ ಕಾಣೆಯಾದ ಡಬ್ಬಿಯಾಗಿ ಕಾಣಿಸುತ್ತಿದೆ. ಯಾರೂ ತಪ್ಪು ಎನ್ನಬೇಕಾಗಿಲ್ಲ. ಕೂಡುವ ಲೆಕ್ಕವೆಂದು ತಿಳಿದು 80 ಬರೆದ ಮಗುವಿಗೆ ಗಿರಾಕಿ ಬರಿಗೈಲಿ ನಿಂತಿರುವುದೂ ಕಪಾಟಿನಲ್ಲಿ 27 ಜಾಗಗಳು ಖಾಲಿಯಿರುವುದೂ ಕಾಣುತ್ತದೆ.

34 ಎಂದು ಬರೆದ ಮಗುವಿನ ವಿಷಯ ಅಷ್ಟು ಸರಳವಲ್ಲ. ಗಿರಾಕಿಗೆ 19 ಸಿಗುತ್ತದೆ, ಎಂಟು ಕಡಿಮೆ. ಉತ್ತರ ಸರಿಯಿಲ್ಲವೆಂದು ಮಗುವಿಗೆ ಗೊತ್ತಾಗುತ್ತದೆ, ಆದರೆ ಎಂಟು ಎಂಬ ಸಂಖ್ಯೆ ಏಕೆ ಎಂದು ಹೇಳುವುದಿಲ್ಲ. ಪರಿಣಾಮವನ್ನು ತೋರಿಸಿದರೆ ಸಾಕು, ಮಗು ತಾನಾಗಿ ಕಾರಣ ಕಂಡುಕೊಳ್ಳುತ್ತದೆ ಎನ್ನುವವರ ನಂಬಿಕೆ ಇಲ್ಲಿ ಸಾಲದು. ಇಂಥ ಮಗುವಿಗೆ ಎರಡನೆಯ ಹೆಜ್ಜೆ ಬೇಕು. ಆಟ ಲೆಕ್ಕವನ್ನು ಮೊದಲಿಗೆ ತಂದು, ಬಿಡಿ ಪೆನ್ಸಿಲುಗಳನ್ನು ಮಗುವಿನ ಕೈಯಿಂದಲೇ ಒಂದೊಂದಾಗಿ ಕೊಡಿಸಬೇಕು. ಮೂರು ಕೊಟ್ಟ ಕೂಡಲೇ ತಟ್ಟೆ ಖಾಲಿ, ಗಿರಾಕಿ ಇನ್ನೂ ನಾಲ್ಕಕ್ಕೆ ಕಾಯುತ್ತಿದ್ದಾನೆ. ಪಕ್ಕದಲ್ಲಿ ಡಬ್ಬಿಗಳಿವೆ, ಮುಟ್ಟಿದರೆ ತೆರೆದುಕೊಳ್ಳುತ್ತವೆ. ಆಟ ಅಲ್ಲಿಗೆ ಸುಮ್ಮನಾಗಬೇಕು. ಡಬ್ಬಿ ಒಡೆಯಬೇಕೆಂಬ ತೀರ್ಮಾನ ಮಗುವಿನದಾಗಬೇಕು. 7ರಲ್ಲಿ 3 ಕಳೆದಾಗ ತಾನು ಗಿರಾಕಿಯ ಬೇಡಿಕೆಯಿಂದಲೇ ಅಂಗಡಿಯ ಸರಕನ್ನು ಕಳೆದಿದ್ದೆ ಎಂಬುದು ಅದಕ್ಕೆ ಹೊಳೆಯುವುದು ಆ ಖಾಲಿ ತಟ್ಟೆಯ ಮುಂದೆ.

ಇದಕ್ಕೆ ಬರುವ ಮೊದಲ ಆಕ್ಷೇಪ, ತಪ್ಪಿಗೆ ಬೆಲೆ ತೆರಬೇಕಾಗಿಲ್ಲದಿದ್ದರೆ ಮಕ್ಕಳು ಬಾಯಿಗೆ ಬಂದ ಸಂಖ್ಯೆ ಒತ್ತುತ್ತಾ ಹೋಗುತ್ತಾರೆ ಎಂಬುದು. ನಾಲ್ಕು ಆಯ್ಕೆಗಳನ್ನು ಕೊಡುವ ಆಟದಲ್ಲಿ ಖಂಡಿತ ಹಾಗೆಯೇ ಆಗುತ್ತದೆ, ಏಕೆಂದರೆ ಅಲ್ಲಿ ಊಹೆಯೇ ಅತಿ ಬೇಗದ ದಾರಿ. ಉತ್ತರವನ್ನು ಮಗುವೇ ಬರೆಯಬೇಕಾದಾಗ, ಪ್ರತಿ ತಪ್ಪಿನ ನಂತರ ಪೆನ್ಸಿಲುಗಳನ್ನು ಎಣಿಸಿ ಕೊಟ್ಟು ಮುಗಿಸಬೇಕಾದಾಗ, ಊಹಿಸುವುದರಿಂದ ಏನೂ ಉಳಿತಾಯವಾಗುವುದಿಲ್ಲ. ಇಲ್ಲೊಂದು ಎಚ್ಚರಿಕೆಯೂ ಬೇಕು: ಗಿರಾಕಿ ಬೇಸರಗೊಳ್ಳುವ ದೃಶ್ಯ ನಗು ತರಿಸುವಂತಿದ್ದರೆ ಮಕ್ಕಳು ಅದನ್ನು ನೋಡಲೆಂದೇ ತಪ್ಪು ಮಾಡುತ್ತಾರೆ. ತಪ್ಪಿನ ದೃಶ್ಯ ಸ್ಪಷ್ಟವಾಗಿರಲಿ, ಸಪ್ಪೆಯಾಗಿಯೂ ಇರಲಿ. ಇನ್ನು ಶಿಕ್ಷೆಯೇ ಕಲಿಸುತ್ತದೆ ಎನ್ನುವವರಿಗೆ ಕ್ಲೂಗರ್ ಮತ್ತು ಡೆನಿಸಿ 1996ರಲ್ಲಿ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ಕಂಡದ್ದನ್ನು ನೆನಪಿಸಬೇಕು. ಕೆಲಸದ ಬಗ್ಗೆ ಹಿಮ್ಮಾಹಿತಿ ಕೊಟ್ಟಾಗ ಸರಾಸರಿಯಲ್ಲಿ ಸಾಧನೆ ಏರಿತಾದರೂ, ಮೂರನೇ ಒಂದು ಭಾಗಕ್ಕೂ ಹೆಚ್ಚು ಸಂದರ್ಭಗಳಲ್ಲಿ ಅದು ಇಳಿದಿತ್ತು. ಗಮನ ಕೆಲಸದಿಂದ ‘ನಾನು ಹೇಗೆ’ ಎಂಬ ಕಡೆಗೆ ಹೊರಳಿದಷ್ಟೂ ಹಿಮ್ಮಾಹಿತಿಯ ಫಲ ಕುಗ್ಗುತ್ತದೆ ಎಂಬುದು ಅವರ ವಿವರಣೆ. ಹೋದ ಜೀವ, ಕಳೆದ ಅಂಕ ಮಗುವನ್ನು ಆ ಕಡೆಗೇ ಹೊರಳಿಸುತ್ತವೆ. ‘ಭಲೇ ಜಾಣ’ ಎಂಬ ಹೊಗಳಿಕೆಯೂ ಅದನ್ನೇ ಮಾಡುತ್ತದೆ, ಹಾಗಾಗಿ ಅದನ್ನೂ ನಾನು ಆಟದಿಂದ ತೆಗೆಯುತ್ತೇನೆ. ಕಡಿಮೆಯಾದ ಡಬ್ಬಿಯಾದರೋ ಗಮನವನ್ನು ಲೆಕ್ಕದ ಮೇಲೆಯೇ ಇಡುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಎಲ್ಲ ತಪ್ಪುಗಳೂ ನಿಯಮದಿಂದ ಹುಟ್ಟುವುದಿಲ್ಲ, ಎಷ್ಟೋ ಬರೀ ಕೈತಪ್ಪು. ಅಷ್ಟೇ ಅಲ್ಲ, ಬ್ರೌನ್ ಅವರೇ ಕರ್ಟ್ ವಾನ್‌ಲೆನ್ ಜೊತೆ 1980ರಲ್ಲಿ ಬರೆದಂತೆ, ದಾರಿ ತೋಚದ ಮಗು ಇವತ್ತು ಒಂದು ರೀತಿ ತೇಪೆ ಹಾಕಿದರೆ ನಾಳೆ ಇನ್ನೊಂದು ರೀತಿ ಹಾಕಬಹುದು. ಆದ್ದರಿಂದ ಒಂದು ಉತ್ತರ ನೋಡಿ ಆಟ ತೀರ್ಪು ಕೊಡಬಾರದು. ಒಮ್ಮೆ 34 ಬಂದರೆ ಅದು ಶಂಕೆ ಮಾತ್ರ. ಮುಂದೆ 71ರಲ್ಲಿ 38 ಕಳೆದಾಗ 47, 62ರಲ್ಲಿ 34 ಕಳೆದಾಗ 32 ಬಂದರೆ ಆಗ ನಂಬಬಹುದು. ಬದಲಿಗೆ 33, 28 ಬಂದರೆ ಒಂದು ಕೈತಪ್ಪಷ್ಟೇ, ಖಾಲಿ ತಟ್ಟೆಯ ಪಾಠ ಬೇಕಿಲ್ಲ. ಓಡುವ ಗಡಿಯಾರವನ್ನು ಈ ಆಟದಲ್ಲಿ ಇಡಬಾರದೆನ್ನಲು ಇದೇ ಕಾರಣ: ಅವಸರದಲ್ಲಿ ಕೈತಪ್ಪುಗಳು ಹೆಚ್ಚಿ, ನಿಯಮದ ತಪ್ಪು ಅವುಗಳೊಳಗೆ ಮುಚ್ಚಿಹೋಗುತ್ತದೆ. ವೇಗ ಬೇಡವೆಂದಲ್ಲ. 13ರಲ್ಲಿ 7 ಹೋದರೆ 6 ಎಂಬುದು ಥಟ್ಟನೆ ಬರಬೇಕು, ಅದಕ್ಕೆ ಬೇರೆಯೇ ಆಟ ಇರಲಿ.

ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಕೊಡುವುದರಲ್ಲೂ ಅಪಾಯವಿದೆ. ದಶಕ ತೆಗೆದುಕೊಳ್ಳುವ ಲೆಕ್ಕಗಳನ್ನಷ್ಟೇ ಮಾಡಿಸಿದರೆ ಮಗು ಎಲ್ಲ ಕಡೆಯೂ ದಶಕ ತೆಗೆಯಲು ಶುರುಮಾಡುತ್ತದೆ, ಅಗತ್ಯವಿಲ್ಲದ 58 ಮತ್ತು 23ರಲ್ಲೂ. ಹಾಗಾಗಿ ಎರಡೂ ಬಗೆ ಬೆರೆತಿರಬೇಕು. ಡಬ್ಬಿ ಒಡೆಯಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಮಗು ಪ್ರತಿ ಸಲವೂ ಕೇಳಿಕೊಳ್ಳುವಂತಿರಬೇಕು. ಡಬ್ಬಿಗಳೂ ಕೊನೆಯವರೆಗೆ ಇರಬಾರದು. ಕೆಲವು ಲೆಕ್ಕಗಳ ನಂತರ ಕಪಾಟಿಗೆ ಪರದೆ ಎಳೆದು, ಉತ್ತರ ಬರೆದ ಮೇಲಷ್ಟೇ ತೆರೆಯಬೇಕು. ಇಲ್ಲದಿದ್ದರೆ ಮಗು ಚೆನ್ನಾಗಿ ಎಣಿಸುವುದನ್ನು ಕಲಿಯುತ್ತದೆ, ಕಳೆಯುವುದನ್ನಲ್ಲ. ಇದು ಕೆಲಸ ಮಾಡಿತೇ ಎಂದು ಆಟದೊಳಗಿನ ಅಂಕಗಳಿಂದ ತಿಳಿಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ನಡೆಯುವ ಅಸರ್ ಸಮೀಕ್ಷೆಯೂ ಮಕ್ಕಳ ಮುಂದೆ ಇಡುವುದು ದಶಕ ತೆಗೆದುಕೊಳ್ಳಬೇಕಾದ ಎರಡಂಕಿಯ ಕಳೆಯುವ ಲೆಕ್ಕವನ್ನೇ, ಅದೂ ಕಾಗದದ ಮೇಲೆ. ಆಟ ಆಡಿದ ಒಂದು ವಾರದ ಬಳಿಕ ಫೋನಿಲ್ಲದೆ, ಡಬ್ಬಿಗಳಿಲ್ಲದೆ, 82ರಲ್ಲಿ 46 ಕಳೆಯಲು ಹೇಳಿ ಬರೀ ಪೆನ್ಸಿಲ್ ಕೊಡಿ. 36 ಬಂದರೆ ಸರಿ. 44 ಬಂದರೆ ಖಾಲಿ ತಟ್ಟೆಗೆ ಮರಳಬೇಕು, 46 ಬಂದರೆ ಕಾಣೆಯಾದ ಡಬ್ಬಿಗೆ. ಮೂರೂ ಅಲ್ಲದ ಉತ್ತರ ಬಂದರೆ ಶಿಕ್ಷಕರು ಮಗುವಿನ ಪಕ್ಕ ಕುಳಿತು, ಹೇಗೆ ಮಾಡಿದೆ ಹೇಳು ಎಂದು ಕೇಳಬೇಕು. ಅಲ್ಲಿ ಕೇಳಿದ ಹೊಸ ನಿಯಮ ಲೆಕ್ಕಗಳ ಎದುರಿನ ಪಟ್ಟಿಗೆ ಸೇರಬೇಕು.