ಲಾಭ ಕೇಳುವ ಮೊದಲು ಗೋಡೆಯ ದಪ್ಪ ಕೇಳಿ

ಮೈಸೂರಿನಲ್ಲಿ ಮನೆ ಕೆಲಸದ ಮಾತುಕತೆ ಸಾಮಾನ್ಯವಾಗಿ ಚದರದ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ನೂರು ಚದರಡಿಗೆ ಇಷ್ಟು ಎಂದು ಕಾಂಟ್ರ್ಯಾಕ್ಟರ್ ಹೇಳುತ್ತಾರೆ, ಮನೆಯವರು ಸ್ವಲ್ಪ ಇಳಿಸಿ ಎನ್ನುತ್ತಾರೆ. ಆ ಒಂದು ಅಂಕಿಯನ್ನು ಸಾಮಗ್ರಿ, ಕೂಲಿ, ಲಾಭ ಎಂದು ಮೂರಾಗಿ ಬಿಡಿಸಿ ನೋಡುವ ಕ್ರಮ ಈಚೆಗೆ ಬೆಳೆಯುತ್ತಿದೆ, ಅದು ಒಳ್ಳೆಯದೇ. ಆದರೆ ಬಿಡಿಸಿದ ಮೇಲೆ ಹೆಚ್ಚಿನವರ ಕಣ್ಣು ಹೋಗುವುದು ಮೂರನೆಯದರ ಮೇಲೆ: ಇವರಿಗೆ ಎಷ್ಟು ಉಳಿಯುತ್ತದೆ? ನನ್ನ ಪ್ರಕಾರ ದರ ನ್ಯಾಯವೋ ಅಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗುವುದಿಲ್ಲ. ಕೆಲಸ ಏನೆಂಬ ವಿವರ ಮತ್ತು ಅದರ ಅಳತೆ, ಇವೇ ಅದನ್ನು ತೀರ್ಮಾನಿಸುತ್ತವೆ.

ಸಾವಿರ ಚದರಡಿ ಗೋಡೆಯ ಪ್ಲಾಸ್ಟರಿಂಗ್‌ಗೆ 38,000 ರೂಪಾಯಿ ಕೇಳಿದ್ದಾರೆ ಎಂದಿಟ್ಟುಕೊಳ್ಳೋಣ. ಒಂದು ಪಾಲು ಸಿಮೆಂಟ್, ಆರು ಪಾಲು ಮರಳು, 12 ಮಿಲಿಮೀಟರ್ ದಪ್ಪ. ಗೋಡೆಯ ಸಂದುಗಳಿಗೆ ಸೇರುವುದೂ ಕೂಡಿ ಇದಕ್ಕೆ ಸುಮಾರು 1.35 ಘನ ಮೀಟರ್ ಗಾರೆ ಬೇಕು. ಅಂದರೆ ಏಳು ಮೂಟೆ ಸಿಮೆಂಟ್. ಚೆಲ್ಲಿ ಹೋಗುವುದನ್ನೂ ಸೇರಿಸಿದರೆ 55 ಘನ ಅಡಿ ಎಂ-ಸ್ಯಾಂಡ್. ಮೂಟೆಗೆ 400, ಘನ ಅಡಿಗೆ 60 ಎಂದು ಹಿಡಿದರೆ 6,100 ರೂಪಾಯಿ ಆಯಿತು. (ಇಲ್ಲಿನ ದರಗಳು ಲೆಕ್ಕ ತೋರಿಸುವುದಕ್ಕಷ್ಟೇ, ನಿಮ್ಮ ಬಡಾವಣೆಯ ಅಂಗಡಿಯಲ್ಲಿ ಆ ವಾರದ ದರ ಕೇಳಿ ತುಂಬಿಕೊಳ್ಳಿ.) ಸಾರವೆ, ನೀರು ಎಂದು 900 ಸೇರಿಸಿ. ಇನ್ನು ಕೂಲಿ. ಒಬ್ಬ ಗಾರೆಯವರು, ಒಬ್ಬ ಆಳು ಸೇರಿ ದಿನಕ್ಕೆ ನೂರು ಚದರಡಿ ಅಚ್ಚುಕಟ್ಟಾಗಿ ಮುಗಿಸುತ್ತಾರೆ ಎಂದರೆ ಹತ್ತು ದಿನದ ಜೋಡಿ ಕೂಲಿ; ಜೋಡಿಗೆ 1,900ರಂತೆ 19,000. ಒಟ್ಟು ಖರ್ಚು 26,000. ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ದರ ವಿಶ್ಲೇಷಣೆಯಲ್ಲಿ ಗುತ್ತಿಗೆದಾರರ ಲಾಭ ಮತ್ತು ಮೇಲ್ಖರ್ಚಿಗೆ ಶೇ. 15 ಕೂಡಿಸುತ್ತದೆ. ಅದನ್ನೇ ಹಾಕಿದರೆ 29,900. ಕೇಳಿದ ದರ ಎಂಟು ಸಾವಿರ ಜಾಸ್ತಿ ಕಾಣುತ್ತದೆ.

ಇಲ್ಲೇ ಜಗಳಕ್ಕೆ ಇಳಿಯುವುದು ತಪ್ಪು. ಗೋಡೆ ಸಮವಾಗಿಲ್ಲದಿದ್ದರೆ, ಅಗ್ರಹಾರ, ಚಾಮರಾಜಪುರಂ ಕಡೆಯ ಹಳೆಯ ಮನೆಗಳಲ್ಲಿ ಹಾಗಿರುವುದು ಸಹಜ, 12 ಮಿಲಿಮೀಟರ್ ಸಾಲದು. 20 ಮಿಲಿಮೀಟರನ್ನು ಎರಡು ಕೋಟ್‌ನಲ್ಲಿ ಕೊಡಬೇಕಾಗುತ್ತದೆ. ಆಗ ಸಾಮಗ್ರಿ 9,500ರ ಹತ್ತಿರ ಹೋಗುತ್ತದೆ, ಕೂಲಿ ಹದಿಮೂರು ದಿನಕ್ಕೆ 24,700 ಆಗುತ್ತದೆ. ಸಾರವೆಯ ಖರ್ಚೂ ಶೇ. 15ರ ಪಾಲೂ ಸೇರಿ 40,000 ದಾಟುತ್ತದೆ. ಅದೇ 38,000 ಈಗ ಕಡಿಮೆಯೇ! ಮಿಲಿಮೀಟರ್ ಗೊತ್ತಿಲ್ಲದೆ ಇವರ ಲಾಭ ಶೇ. 46 ಎಂದು ಹೇಳಿಬಿಡುವುದು ಅನ್ಯಾಯ. (ಆ ಹಳೆಯ ಗೋಡೆ ಸುಣ್ಣದ ಗಾರೆಯದಾಗಿದ್ದರೆ ಅದರ ಮೇಲೆ ಸಿಮೆಂಟ್ ಬಳಿಯಬಾರದು, ತೇವ ಒಳಗೇ ನಿಲ್ಲುತ್ತದೆ. ಆಗ ದರಕ್ಕಿಂತ ಮೊದಲು ಕೆಲಸವೇ ಬದಲಾಗಬೇಕು.) ಅಳತೆಯದೂ ಇದೇ ಕಥೆ. ಬಾಗಿಲು, ಕಿಟಕಿ ಕಳೆದು ಅಳೆಯುತ್ತಾರೋ, ಇಡೀ ಗೋಡೆ ಎಂದು ಅಳೆಯುತ್ತಾರೋ ಎಂಬುದು ದರದಲ್ಲಿ ಕಾಣುವುದಿಲ್ಲ, ಬಿಲ್ಲಿನಲ್ಲಿ ಕಾಣುತ್ತದೆ.

ಲೋಕೋಪಯೋಗಿ ಇಲಾಖೆಯ ದರಪಟ್ಟಿ ಇದೆಯಲ್ಲ, ಇಷ್ಟೆಲ್ಲ ಲೆಕ್ಕ ಯಾಕೆ ಎಂದು ಕೇಳಬಹುದು. ಆ ಪಟ್ಟಿ ದೊಡ್ಡ ಸರ್ಕಾರಿ ಕಾಮಗಾರಿಗೆ ಮಾಡಿದ್ದು. ಎರಡು ಕೋಣೆಯ ರಿಪೇರಿಗೆ ಸಾಮಾನು ತರಿಸುವ ಬಾಡಿಗೆ, ಅರ್ಧ ದಿನ ಸುಮ್ಮನೆ ಹೋಗುವ ಕೂಲಿ ಅದಕ್ಕೆ ತಿಳಿಯದು. ಅಂಥ ಪಟ್ಟಿಗಳ ಹಿಂದಿರುವ ಪ್ರಮಾಣಗಳು, ಅಂದರೆ ಎಷ್ಟು ಗೋಡೆಗೆ ಎಷ್ಟು ಸಿಮೆಂಟ್, ಎಷ್ಟು ಆಳು ಎಂಬುದು ನಮಗೆ ಉಪಯೋಗ. ರೂಪಾಯಿ ಅಷ್ಟಾಗಿ ಅಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕೂಲಿಯ ಲೆಕ್ಕ ಊಹೆಯಲ್ಲವೇ? ಹೌದು. ದಿನಕ್ಕೆ ನೂರರ ಬದಲು ಎಂಬತ್ತು ಚದರಡಿ ಎಂದರೆ ಖರ್ಚು 4,750 ಏರುತ್ತದೆ. ಆದ್ದರಿಂದ ಈ ವಿಧಾನ ಒಂದೇ ಅಂಕಿ ಕೊಡುವುದಿಲ್ಲ, ಒಂದು ವ್ಯಾಪ್ತಿಯನ್ನು ಕೊಡುತ್ತದೆ. ಅದರೊಳಗಿರುವ ದರವನ್ನು ಚೌಕಾಸಿ ಮಾಡದೆ ಒಪ್ಪುವುದೇ ಸರಿ.

ಈ ಲೆಕ್ಕ ಹೆಚ್ಚು ಕೆಲಸಕ್ಕೆ ಬರುವುದು ಕಡಿಮೆ ದರದವರನ್ನು ನೋಡುವಾಗ. ಯಾರೋ 22,000ಕ್ಕೆ ಒಪ್ಪಿದರೆ ಅದು ಖರ್ಚಿಗಿಂತಲೂ ಕೆಳಗೆ. ಸಿಮೆಂಟ್ ಕದಿಯುತ್ತಾರೇನೋ ಎಂದು ಮನೆಯವರು ಮೂಟೆ ಎಣಿಸುತ್ತಾರೆ. ಆರಕ್ಕೆ ಒಂದರ ಬದಲು ಎಂಟಕ್ಕೆ ಒಂದು ಕಲಸಿದರೆ ಉಳಿಯುವುದು ಒಂದೂವರೆ ಮೂಟೆ, 600 ರೂಪಾಯಿ. ನಾಲ್ಕು ಸಾವಿರದ ಅಂತರ ಅಲ್ಲಿ ತುಂಬುವುದಿಲ್ಲ. ಅದು ತುಂಬುವುದು ಕೂಲಿಯಲ್ಲಿ: ಗೋಡೆ ನೆನೆಸದೆ, ದಪ್ಪ ತೆಳುವಾಗಿಸಿ, ಹತ್ತು ದಿನದ್ದನ್ನು ಏಳು ದಿನಕ್ಕೆ ಓಡಿಸಿ, ಕ್ಯೂರಿಂಗ್ ಬಿಟ್ಟು. ಒಣಗಿದ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಗೋಡೆ ಹಿಡಿದಿಲ್ಲ. ಹಾಗಾಗಿ ದರ ಇಳಿಸಿ ಎನ್ನುವ ಮೊದಲು ದಪ್ಪ, ಮಿಶ್ರಣ, ಅಳೆಯುವ ರೀತಿ, ಕ್ಯೂರಿಂಗ್ ದಿನಗಳು, ಈ ನಾಲ್ಕನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವರಿಗೆ, ದರ ಎಷ್ಟೇ ಕಡಿಮೆಯಿದ್ದರೂ, ಕೆಲಸ ಕೊಡಬೇಡಿ.